ಹಳೇ ಟಿಲ್ಲರ್ ಯಾವ ವರ್ಷ ಮಾರಬೇಕು? ಲೆಕ್ಕ ಹಾಕಿ ನೋಡುವ ಕ್ರಮ

ಪವರ್ ಟಿಲ್ಲರ್ ಇಟ್ಟುಕೊಂಡವರಲ್ಲಿ ಎರಡು ಪಕ್ಷ ಇರುತ್ತದೆ. ಒಬ್ಬರು ಮೂರು ವರ್ಷಕ್ಕೇ ಮಾರಿ ಹೊಸದು ತರುತ್ತಾರೆ, "ಈಗಲಾದರೆ ಒಳ್ಳೇ ರೇಟು ಸಿಗುತ್ತದೆ" ಅನ್ನುತ್ತಾರೆ. ಇನ್ನೊಬ್ಬರು ಎಂಜಿನ್ ಪೂರ್ತಿ ಕೈಕೊಡುವ ತನಕ ಬಿಡುವುದಿಲ್ಲ. "ದುಡ್ಡು ಹಾಕಿ ತಂದದ್ದಲ್ವಾ, ಓಡುವಷ್ಟು ಓಡಲಿ" ಎಂಬುದು ಅವರ ವಾದ. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಬೇಗ ಮಾರಿದರೆ ಬೆಲೆ ಇಳಿತದ ಹೊಡೆತ ಕೆಲವೇ ವರ್ಷಗಳ ಮೇಲೆ ಬೀಳುತ್ತದೆ. ತಡವಾಗಿ ಮಾರಿದರೆ ರಿಪೇರಿ ಖರ್ಚು ಏರುತ್ತಾ ಹೋಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ವರ್ಷದ ಖರ್ಚು ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಅದನ್ನು ಹುಡುಕುವ ಲೆಕ್ಕಕ್ಕೆ ಸಮ ವಾರ್ಷಿಕ ವೆಚ್ಚ ಅನ್ನುತ್ತಾರೆ.

ಹೆಸರು ದೊಡ್ಡದು, ವಿಷಯ ಸಣ್ಣದು. ಟಿಲ್ಲರ್ ತಂದ ದಿನದಿಂದ ಮಾರುವ ದಿನದವರೆಗಿನ ಎಲ್ಲಾ ಖರ್ಚನ್ನೂ ಒಟ್ಟು ಮಾಡಿ, ಮಾರಿದ ದುಡ್ಡನ್ನು ಕಳೆದು, ಉಳಿದದ್ದನ್ನು ವರ್ಷಕ್ಕೊಂದು ಕಂತಿನ ಇಎಂಐ ಥರ ಸಮನಾಗಿ ಹಂಚುವುದು. ಒಂದು ವರ್ಷ ಇಟ್ಟುಕೊಂಡರೆ ಕಂತು ಎಷ್ಟು, ಎರಡು ವರ್ಷಕ್ಕೆ ಎಷ್ಟು, ಮೂರಕ್ಕೆ ಎಷ್ಟು ಎಂದು ನೋಡುತ್ತಾ ಹೋಗಬೇಕು. ಕಂತು ಎಲ್ಲಿ ಕಡಿಮೆಯೋ ಅದೇ ಮಾರುವ ವರ್ಷ.

ಇಲ್ಲಿ ಮಲೆನಾಡಿನ ಭತ್ತದ ಗದ್ದೆಯ ಒಂದು ಟಿಲ್ಲರ್ ಇಟ್ಟುಕೊಂಡು ಲೆಕ್ಕ ಮಾಡೋಣ. ಸ್ವಂತ ಗದ್ದೆಯ ಉಳುಮೆ ಜೊತೆಗೆ ಊರಿನವರಿಗೆ ಬಾಡಿಗೆ, ಎಲ್ಲಾ ಸೇರಿ ವರ್ಷಕ್ಕೆ ಸುಮಾರು 400 ಗಂಟೆ ಕೆಲಸ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ನಿಮ್ಮ ಅಂಕಿ ಬೇರೆ ಇರುತ್ತದೆ, ಕ್ರಮ ಮಾತ್ರ ಇದೇ.

ಮೊದಲು ನಾಲ್ಕು ಅಂಕಿ ಬರೆದುಕೊಳ್ಳಿ

ಒಂದು, ಇವತ್ತು ಹೊಸ ಟಿಲ್ಲರ್ ಮನೆಗೆ ಬಂದು ಕೆಲಸ ಶುರು ಮಾಡುವ ಹೊತ್ತಿಗೆ ಆಗುವ ಒಟ್ಟು ಬೆಲೆ. ರೋಟರಿ, ಕೆಸರಿನ ಚಕ್ರ, ಸಾಗಾಣಿಕೆ ಎಲ್ಲಾ ಸೇರಿಸಿ. ನಮ್ಮ ಉದಾಹರಣೆಯಲ್ಲಿ 2,40,000 ರೂಪಾಯಿ.

ಎರಡು, ಒಂದೊಂದು ವರ್ಷ ಹಳತಾದಂತೆ ಮಾರಿದರೆ ಎಷ್ಟು ಸಿಗುತ್ತದೆ ಎಂಬುದು. ಇದನ್ನು ಕಂಪನಿ ಬ್ರೋಷರ್‌ನಲ್ಲಿ ಹುಡುಕಬೇಡಿ. ಹಳೇ ಟಿಲ್ಲರ್ ಕೊಂಡು ಮಾರುವ ಗ್ಯಾರೇಜಿನವರನ್ನು ಕೇಳಿ. ಕೇಳುವಾಗ "ಎಷ್ಟಕ್ಕೆ ಮಾರುತ್ತೀರಿ" ಅನ್ನಬೇಡಿ, "ಎಷ್ಟಕ್ಕೆ ಕೊಳ್ಳುತ್ತೀರಿ" ಅನ್ನಿ. ಈ ಎರಡರ ನಡುವೆ ಒಳ್ಳೇ ಅಂತರ ಇರುತ್ತದೆ, ಮತ್ತು ನಿಮ್ಮ ಕೈಗೆ ಬರುವುದು ಎರಡನೆಯದು.

ಮೂರು, ವರ್ಷವರ್ಷದ ನಿರ್ವಹಣೆ ಖರ್ಚು. ಹೆಚ್ಚು ತಪ್ಪು ಆಗುವುದು ಇಲ್ಲೇ, ಹಾಗಾಗಿ ಮುಂದೆ ಬಿಡಿಸಿ ಹೇಳಿದ್ದೇನೆ.

ನಾಲ್ಕು, ಬಡ್ಡಿ ದರ. ಸಾಲ ಮಾಡಿ ಕೊಂಡಿದ್ದರೆ ಆ ಸಾಲದ ಬಡ್ಡಿ. ಸ್ವಂತ ದುಡ್ಡಾದರೆ ಅದನ್ನು ಬೇರೆ ಕಡೆ ಹಾಕಿದ್ದರೆ ಏನು ಬರುತ್ತಿತ್ತೋ ಅದು. ನಾವು 10% ಇಟ್ಟುಕೊಳ್ಳೋಣ.

ಬಡ್ಡಿ ಯಾಕೆ ಬೇಕು ಅಂದರೆ, ಇವತ್ತು ಕೊಡುವ ಒಂದು ರೂಪಾಯಿ ಮತ್ತು ಐದು ವರ್ಷದ ನಂತರ ಕೊಡುವ ಒಂದು ರೂಪಾಯಿ ಒಂದೇ ಅಲ್ಲ. ಹೊಸ ಯಂತ್ರದ ದುಡ್ಡು ಇವತ್ತೇ ಹೋಗುತ್ತದೆ, ರಿಪೇರಿ ದುಡ್ಡು ಮುಂದೆ ಹೋಗುತ್ತದೆ. ಬಡ್ಡಿಯನ್ನೇ ಬಿಟ್ಟು ಸರಾಸರಿ ತೆಗೆದರೆ ಉತ್ತರ ಸಾಮಾನ್ಯವಾಗಿ "ಬೇಗ ಮಾರು" ಎಂಬ ಕಡೆಗೆ ವಾಲುತ್ತದೆ. ಕೆಳಗಿನ ಅಂಕಿಗಳನ್ನೇ ಬಡ್ಡಿ ಇಲ್ಲದೆ ಲೆಕ್ಕ ಹಾಕಿದರೆ ನಾಲ್ಕನೇ ವರ್ಷ ಬರುತ್ತದೆ, 10% ಬಡ್ಡಿ ಸೇರಿಸಿದರೆ ಐದನೇ ವರ್ಷ.

ಒಂದು ಎಚ್ಚರಿಕೆ. ಮುಂದಿನ ವರ್ಷಗಳ ಖರ್ಚನ್ನು ಇವತ್ತಿನ ರೇಟಿನಲ್ಲೇ ಬರೆದರೆ, ಬಡ್ಡಿಯಿಂದ ಬೆಲೆಯೇರಿಕೆಯನ್ನು ತೆಗೆಯಬೇಕು. ಸಾಲದ ಬಡ್ಡಿ 12%, ಬೆಲೆಯೇರಿಕೆ 5% ಆದರೆ 1.12 ಅನ್ನು 1.05ರಿಂದ ಭಾಗಿಸಿ. 1.067 ಬರುತ್ತದೆ, ಅಂದರೆ ಸುಮಾರು 6.7%. ಖರ್ಚು ಇವತ್ತಿನ ರೇಟಿನಲ್ಲಿ, ಬಡ್ಡಿ ಬ್ಯಾಂಕಿನ ಪೂರ್ತಿ ದರ ಎಂದು ಬೆರೆಸಿದರೆ ಮುಂದಿನ ರಿಪೇರಿಗಳು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತವೆ. ಹಳೇ ಯಂತ್ರ ಅಗ್ಗ ಅನ್ನಿಸಿಬಿಡುತ್ತದೆ.

ನಿರ್ವಹಣೆ ಖರ್ಚಿಗೆ ಏನೇನು ಸೇರುತ್ತದೆ

ಬಿಡಿಭಾಗ ಮತ್ತು ಮೆಕ್ಯಾನಿಕ್ ಕೂಲಿ ಎಲ್ಲರೂ ಬರೆಯುತ್ತಾರೆ. ರೋಟರಿ ಬ್ಲೇಡ್, ವಿ-ಬೆಲ್ಟ್, ಆಯಿಲ್ ಸೀಲ್, ಬೇರಿಂಗ್, ಕ್ಲಚ್ ಪ್ಲೇಟ್, ಟೈರ್. ಕೆಸರು ಗದ್ದೆಯಲ್ಲಿ ಸೀಲ್ ಹೋಗಿ ನೀರು ಒಳಗೆ ನುಗ್ಗಿತು ಅಂದರೆ ಬೇರಿಂಗ್ ಹಾಳಾಗಲು ಹೆಚ್ಚು ಸಮಯ ಬೇಕಿಲ್ಲ. ಹಳತಾದಂತೆ ಇಂಥವು ಒಂದರ ಹಿಂದೆ ಒಂದು ಬರುತ್ತವೆ.

ಬರೆಯದೆ ಬಿಡುವುದು ಎರಡು. ಮೊದಲನೆಯದು ಹೆಚ್ಚುವರಿ ಡೀಸೆಲ್. ರಿಂಗ್ ಸವೆದು, ನಾಜಲ್ ಸರಿಯಾಗಿ ಸಿಂಪಡಿಸದೆ ಇದ್ದಾಗ ಎಂಜಿನ್ ಜಾಸ್ತಿ ಕುಡಿಯುತ್ತದೆ. ಗಂಟೆಗೆ 0.2 ಲೀಟರ್ ಹೆಚ್ಚಾಯಿತು ಅಂದರೆ 400 ಗಂಟೆಗೆ 80 ಲೀಟರ್. ಲೀಟರಿಗೆ 90 ರೂಪಾಯಿಯಂತೆ 7,200 ರೂಪಾಯಿ. ಯಾರೂ ಬಿಲ್ ಕೊಡುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ನಿಂತ ದಿನಗಳ ನಷ್ಟ. ಬೇಸಿಗೆಯಲ್ಲಿ ಟಿಲ್ಲರ್ ಒಂದು ವಾರ ಗ್ಯಾರೇಜಿನಲ್ಲಿ ನಿಂತರೂ ಏನೂ ಹೋಗುವುದಿಲ್ಲ. ನಾಟಿ ಸಮಯದಲ್ಲಿ ಎರಡು ದಿನ ನಿಂತರೆ ಬಾಡಿಗೆಯೂ ಹೋಯಿತು, ನಮ್ಮ ಗದ್ದೆಗೆ ಬೇರೆಯವರ ಟಿಲ್ಲರ್ ಕರೆಸಿದ ದುಡ್ಡೂ ಹೋಯಿತು. ಇದನ್ನು ಸೇರಿಸುವಾಗ ಪೂರ್ತಿ ಬಾಡಿಗೆ ಹಾಕಬೇಡಿ. ದಿನಕ್ಕೆ 4,000 ಬಾಡಿಗೆ ಬರುತ್ತಿತ್ತು, ಅದರಲ್ಲಿ ಡೀಸೆಲ್ ಮತ್ತು ಓಡಿಸುವವನ ಕೂಲಿ 1,500 ಆಗುತ್ತಿತ್ತು ಅಂದರೆ ನಷ್ಟ 2,500 ಮಾತ್ರ. ಬೇಸಿಗೆಯಲ್ಲಿ ನಿಂತ ದಿನಕ್ಕೆ ಸೊನ್ನೆ ಬರೆಯಿರಿ.

ಇನ್ನು ಸೇರಿಸಬಾರದ್ದು. ಯಂತ್ರ ಹೊಸದಿದ್ದರೂ ಹಳೇದಾದರೂ ಒಂದೇ ಆಗುವ ಖರ್ಚು ಬೇಡ. ಮಾಮೂಲಿ ಡೀಸೆಲ್, ಓಡಿಸುವವನ ಕೂಲಿ ಇವನ್ನು ಸೇರಿಸಿದರೆ ಎಲ್ಲಾ ವರ್ಷಗಳ ಕಂತೂ ಒಂದೇ ಮೊತ್ತದಷ್ಟು ಮೇಲೆ ಹೋಗುತ್ತದೆ, ಮಾರುವ ವರ್ಷ ಮಾತ್ರ ಅಲ್ಲೇ ಇರುತ್ತದೆ. ತಪ್ಪಲ್ಲ, ಸುಮ್ನೆ ಕೆಲಸ ಜಾಸ್ತಿ. ಆದರೆ ಸವಕಳಿಯನ್ನು ಬೇರೆ ಖರ್ಚಾಗಿ ಬರೆದರೆ ಅದು ನಿಜವಾದ ತಪ್ಪು. ಕೊಂಡ ಬೆಲೆಯಲ್ಲಿ ಮಾರಿದ ಬೆಲೆ ಕಳೆದಾಗಲೇ ಸವಕಳಿ ಒಳಗೆ ಬಂದಿರುತ್ತದೆ. ಸಾಲದ ಕಂತೂ ಹಾಗೇ. ಯಂತ್ರದ ಬೆಲೆ ಪೂರ್ತಿ ಬರೆದು, ಬಡ್ಡಿ ದರವನ್ನೂ ಹಾಕಿ, ಮತ್ತೆ ಕಂತನ್ನೂ ಬರೆದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಒಂದು ವರ್ಷವನ್ನು ಕೈಯಲ್ಲೇ ಲೆಕ್ಕ ಹಾಕೋಣ

ನಮ್ಮ ಟಿಲ್ಲರಿಗೆ ಮೊದಲ ವರ್ಷ 8,000, ಎರಡನೇ ವರ್ಷ 12,000 ನಿರ್ವಹಣೆ. ಎರಡು ವರ್ಷದ ಕೊನೆಗೆ ಮಾರಿದರೆ 1,55,000 ಸಿಗುತ್ತದೆ. ಎರಡು ವರ್ಷ ಇಟ್ಟುಕೊಂಡರೆ ಸಮ ವಾರ್ಷಿಕ ವೆಚ್ಚ ಎಷ್ಟು?

ಮುಂದಿನ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ತರಬೇಕು. ಒಂದು ವರ್ಷ ದೂರ ಇರುವುದನ್ನು 1.1ರಿಂದ, ಎರಡು ವರ್ಷ ದೂರ ಇರುವುದನ್ನು 1.21ರಿಂದ ಭಾಗಿಸಿ. 8,000 ಎಂಬುದು 7,273 ಆಗುತ್ತದೆ. 12,000 ಎಂಬುದು 9,917. ಮಾರಿದ 1,55,000 ಎಂಬುದು ಇವತ್ತಿಗೆ 1,28,099.

2,40,000ಕ್ಕೆ 7,273 ಮತ್ತು 9,917 ಕೂಡಿಸಿ, 1,28,099 ಕಳೆಯಿರಿ. 1,29,091 ಉಳಿಯುತ್ತದೆ. ಎರಡು ವರ್ಷ ಟಿಲ್ಲರ್ ಇಟ್ಟುಕೊಂಡದ್ದಕ್ಕೆ ಇವತ್ತಿನ ಲೆಕ್ಕದಲ್ಲಿ ನಾವು ಕೊಟ್ಟ ಒಟ್ಟು ದುಡ್ಡು ಇದು.

ಈಗ ಇದನ್ನು ಎರಡು ಸಮ ಕಂತು ಮಾಡಬೇಕು. ಸೀದಾ ಎರಡರಿಂದ ಭಾಗಿಸಿದರೆ ಬಡ್ಡಿ ಬಿಟ್ಟುಹೋಗುತ್ತದೆ. 1/1.1 ಮತ್ತು 1/1.21 ಎರಡನ್ನೂ ಕೂಡಿಸಿ, 1.7355 ಬರುತ್ತದೆ. 1,29,091 ಅನ್ನು ಇದರಿಂದ ಭಾಗಿಸಿದರೆ ಸುಮಾರು 74,380 ರೂಪಾಯಿ. ಎರಡು ವರ್ಷಕ್ಕೊಮ್ಮೆ ಟಿಲ್ಲರ್ ಬದಲಾಯಿಸುವವರಿಗೆ ವರ್ಷಕ್ಕೆ ಬೀಳುವ ಖರ್ಚು ಇದು.

ಎಂಟು ವರ್ಷಕ್ಕೂ ಹೀಗೆ ಕೈಯಲ್ಲಿ ಮಾಡುವುದು ಬೇಸರದ ಕೆಲಸ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಮೊದಲ ಸಾಲು ತಲೆಬರಹಕ್ಕೆ ಬಿಡಿ. ಎರಡನೇ ಸಾಲಿನಿಂದ A ಕಾಲಂನಲ್ಲಿ ವರ್ಷ, B ಕಾಲಂನಲ್ಲಿ ನಿರ್ವಹಣೆ, C ಕಾಲಂನಲ್ಲಿ ಮಾರಾಟದ ಬೆಲೆ ತುಂಬಿ. D2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=-PMT(10%,A2,240000+NPV(10%,B$2:B2)-C2/(1+10%)^A2)
```

`B$2:B2` ಎಂಬಲ್ಲಿ ಡಾಲರ್ ಚಿಹ್ನೆ ಮರೆಯಬೇಡಿ. ಅದಿಲ್ಲದೆ ಎಳೆದರೆ ಮೊದಲ ವರ್ಷಗಳ ಖರ್ಚು ಬಿಟ್ಟುಹೋಗಿ, ವರ್ಷ ಹೆಚ್ಚಾದಂತೆ ಕಂತು ತುಂಬಾ ಅಗ್ಗವಾಗಿ ಕಾಣುತ್ತದೆ. ಎರಡನೇ ವರ್ಷಕ್ಕೆ ಕೈಯಲ್ಲಿ ಬಂದ ಉತ್ತರವೇ ಶೀಟಿನಲ್ಲೂ ಬಂತಾ ನೋಡಿಕೊಳ್ಳಿ. ಬಂದರೆ ಉಳಿದದ್ದೂ ಸರಿ.

ನಮ್ಮ ಟಿಲ್ಲರಿನ ಪಟ್ಟಿ ಹೀಗೆ ಬರುತ್ತದೆ. ಕೊನೆಯ ಕಾಲಂ ಏನು ಎಂದು ಆಮೇಲೆ ಹೇಳುತ್ತೇನೆ.

| ವರ್ಷ | ನಿರ್ವಹಣೆ | ಮಾರಿದರೆ ಸಿಗುವುದು | ಸಮ ವಾರ್ಷಿಕ ವೆಚ್ಚ | ಆ ಒಂದು ವರ್ಷದ ಖರ್ಚು |
|---|---|---|---|---|
| 1 | 8,000 | 1,85,000 | 87,000 | 87,000 |
| 2 | 12,000 | 1,55,000 | 74,381 | 60,500 |
| 3 | 18,000 | 1,30,000 | 69,583 | 58,500 |
| 4 | 26,000 | 1,10,000 | 67,303 | 59,000 |
| 5 | 36,000 | 92,000 | 66,926 | 65,000 |
| 6 | 48,000 | 77,000 | 67,609 | 72,200 |
| 7 | 62,000 | 65,000 | 69,094 | 81,700 |
| 8 | 78,000 | 55,000 | 71,316 | 94,500 |

ಐದನೇ ವರ್ಷದಲ್ಲಿ 66,926. ಅದೇ ಕಡಿಮೆ.

ಆದರೆ ಈ ಪಟ್ಟಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ಐದು ಎಂಬ ಅಂಕಿ ಅಲ್ಲ. ನಾಲ್ಕು, ಐದು, ಆರು ಮೂರನ್ನೂ ನೋಡಿ. ಹೆಚ್ಚೆಂದರೆ ವರ್ಷಕ್ಕೆ ಏಳುನೂರು ರೂಪಾಯಿ ವ್ಯತ್ಯಾಸ. ತಳ ಚಪ್ಪಟೆ ಇದೆ. ಐದನೇ ವರ್ಷಕ್ಕೇ ಮಾರಲೇಬೇಕು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಆರನೇ ವರ್ಷಕ್ಕೆ ಒಳ್ಳೇ ಗಿರಾಕಿ ಸಿಕ್ಕಿ ಆರು ಸಾವಿರ ಜಾಸ್ತಿ ಕೊಟ್ಟರೆ ಆರೇ ವಾಸಿ. ಬಹುತೇಕ ಯಂತ್ರಗಳ ಲೆಕ್ಕದಲ್ಲೂ ಇದೇ ಆಕಾರ ಬರುತ್ತದೆ. ನೀವು ಊಹಿಸಿದ ಮಾರಾಟದ ಬೆಲೆ ಐದು ಸಾವಿರ ಆಚೆ ಈಚೆ ಆದರೂ ದೊಡ್ಡ ಪ್ರಮಾದ ಆಗುವುದಿಲ್ಲ ಎಂಬುದು ಇದರ ಒಳ್ಳೇ ಭಾಗ.

ಎರಡು ತುದಿಯಲ್ಲಿ ಮಾತ್ರ ಪೆಟ್ಟು ಬೀಳುತ್ತದೆ. ಒಂದೇ ವರ್ಷಕ್ಕೆ ಬದಲಾಯಿಸಿದರೆ ವರ್ಷಕ್ಕೆ 20,000 ದಂಡ. ಎಂಟು ದಾಟಿದ ಮೇಲೆ ಪ್ರತಿ ವರ್ಷ ಜಾರುವ ವೇಗ ಹೆಚ್ಚುತ್ತದೆ.

ಕೈಯಲ್ಲಿರುವ ಹಳೇ ಯಂತ್ರಕ್ಕೆ ಏನು ಮಾಡುವುದು

ಮೇಲಿನದು ಹೊಸ ಯಂತ್ರದ ಲೆಕ್ಕ. ಬಹಳ ಜನರ ಪ್ರಶ್ನೆ ಬೇರೆ. "ಹಳೇದು ಮನೆಯಲ್ಲಿದೆ, ಈ ವರ್ಷ ಮಾರಲೋ, ಇನ್ನೊಂದು ವರ್ಷ ಇಡಲೋ?"

ಇದಕ್ಕೆ ಕೊನೆಯ ಕಾಲಂ ಇದೆ. ಮುಂದಿನ ಒಂದು ವರ್ಷ ಇಟ್ಟುಕೊಂಡರೆ ಆಗುವ ಖರ್ಚು ಮಾತ್ರ ಅಲ್ಲಿದೆ. ಐದು ವರ್ಷದ ಟಿಲ್ಲರ್ ಇದೆ ಎಂದುಕೊಳ್ಳಿ. ಇವತ್ತು ಮಾರಿದ್ದರೆ 92,000 ಸಿಗುತ್ತಿತ್ತು. ಮಾರದೆ ಇಟ್ಟುಕೊಂಡರೆ ಆ ದುಡ್ಡು ಮತ್ತು ಅದರ ಬಡ್ಡಿ ಬಿಟ್ಟುಕೊಟ್ಟಂತೆ, ಒಟ್ಟು 1,01,200. ವರ್ಷದ ನಿರ್ವಹಣೆ 48,000. ವರ್ಷದ ಕೊನೆಗೆ ಮಾರಿದರೆ 77,000 ವಾಪಸ್. 1,01,200ಕ್ಕೆ 48,000 ಕೂಡಿಸಿ 77,000 ಕಳೆದರೆ 72,200.

ಈ 72,200 ಅನ್ನು ಹೊಸ ಯಂತ್ರದ ಅತಿ ಕಡಿಮೆ ಕಂತಾದ 66,926ರ ಜೊತೆ ಹೋಲಿಸಿ. ಹಳೇದರ ಖರ್ಚೇ ಹೆಚ್ಚು, ಹಾಗಾಗಿ ಮಾರಿ. ನಾಲ್ಕು ವರ್ಷದ ಟಿಲ್ಲರ್ ಆಗಿದ್ದರೆ ಮುಂದಿನ ವರ್ಷದ ಖರ್ಚು 65,000. ಅದು 66,926ಕ್ಕಿಂತ ಕಡಿಮೆ, ಹಾಗಾಗಿ ಇಟ್ಟುಕೊಳ್ಳಿ.

ಗಮನಿಸಿ, ಈ ಹೋಲಿಕೆಯಲ್ಲಿ ನೀವು ಮೊದಲು ಎಷ್ಟು ಕೊಟ್ಟು ಕೊಂಡಿರಿ ಎಂಬುದು ಎಲ್ಲೂ ಬರಲಿಲ್ಲ. ಕಳೆದ ವರ್ಷ ಗೇರ್‌ಬಾಕ್ಸಿಗೆ ಎಷ್ಟು ಸುರಿದಿರಿ ಎಂಬುದೂ ಬರಲಿಲ್ಲ. "ಈಗಷ್ಟೇ 30,000 ಹಾಕಿದ್ದೇನೆ, ಹೇಗೆ ಮಾರಲಿ" ಎಂಬ ಮಾತು ಪ್ರತಿ ಊರಲ್ಲೂ ಕೇಳುತ್ತೇವೆ. ಹಾಕಿದ ದುಡ್ಡಿನಿಂದ ಮಾರಾಟದ ಬೆಲೆ ಏರಿದ್ದರೆ, ಅಥವಾ ಮುಂದಿನ ರಿಪೇರಿ ಇಳಿದಿದ್ದರೆ, ಅಷ್ಟರ ಮಟ್ಟಿಗೆ ಅದು ಲೆಕ್ಕಕ್ಕೆ ಬಂತು. ಉಳಿದದ್ದು ಹೋದ ದುಡ್ಡು.

ಎಂಜಿನ್ ಬಿಚ್ಚುವ ವರ್ಷ ಬಂದಾಗ

ಈ ಒಂದು ವರ್ಷದ ಹೋಲಿಕೆ ಖರ್ಚು ನಿಧಾನವಾಗಿ ಏರುತ್ತಾ ಹೋದಾಗ ಸರಿಯಾಗಿ ಕೆಲಸ ಮಾಡುತ್ತದೆ. ಟಿಲ್ಲರಿನಲ್ಲಿ ಹಾಗೆ ಆಗದ ಒಂದು ಸಂದರ್ಭ ಇದೆ. ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಲು ಒದ್ದಾಡಬೇಕು. ಮೆಕ್ಯಾನಿಕ್ ನೋಡಿ ಲೈನರ್, ಪಿಸ್ಟನ್, ರಿಂಗ್ ಎಲ್ಲಾ ಬದಲಾಯಿಸಬೇಕು ಅನ್ನುತ್ತಾನೆ. ಒಂದೇ ಸಲಕ್ಕೆ ದೊಡ್ಡ ಮೊತ್ತ, ಆಮೇಲೆ ಎರಡು ಮೂರು ವರ್ಷ ನೆಮ್ಮದಿ.

ಐದು ವರ್ಷದ ಟಿಲ್ಲರಿಗೆ ಈಗ 50,000 ಹಾಕಿ ಎಂಜಿನ್ ಕೆಲಸ ಮಾಡಿಸಿದಿರಿ ಎಂದುಕೊಳ್ಳಿ. ಆಮೇಲಿನ ಮೂರು ವರ್ಷ ನಿರ್ವಹಣೆ 20,000, 26,000, 36,000ಕ್ಕೆ ಇಳಿಯುತ್ತದೆ. ಮಾರಾಟದ ಬೆಲೆಯೂ ಸ್ವಲ್ಪ ಏರಿ ಒಂದು ವರ್ಷದ ನಂತರ 85,000, ಎರಡಕ್ಕೆ 72,000, ಮೂರಕ್ಕೆ 60,000 ಆಗುತ್ತದೆ.

ಒಂದೇ ವರ್ಷ ನೋಡಿದರೆ ಹೀಗೆ. 92,000 ಮತ್ತು 50,000 ಸೇರಿ 1,42,000. ಬಡ್ಡಿ ಸಮೇತ 1,56,200. 20,000 ಕೂಡಿಸಿ 85,000 ಕಳೆದರೆ 91,200. ಹೊಸದರ 66,926ಕ್ಕಿಂತ ಬಹಳ ಜಾಸ್ತಿ. ಎಂಜಿನ್ ಬಿಚ್ಚಿಸಲೇಬಾರದು ಎಂದು ಕಾಣುತ್ತದೆ.

ಅಲ್ಲೇ ನಿಲ್ಲಬೇಡಿ. 50,000 ಹಾಕಿದ್ದು ಒಂದು ವರ್ಷಕ್ಕೆ ಅಲ್ಲವಲ್ಲ. 1,42,000 ಅನ್ನು ಇವತ್ತಿನ ಬೆಲೆ ಎಂದು ಇಟ್ಟುಕೊಂಡು, ಹೊಸ ಯಂತ್ರಕ್ಕೆ ಮಾಡಿದಂತೆಯೇ ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಕಂತು ತೆಗೆಯಿರಿ. ಎರಡು ವರ್ಷಕ್ಕೆ ಸುಮಾರು 70,400 ಬರುತ್ತದೆ. ಮೂರು ವರ್ಷಕ್ಕೆ 65,800. ಈಗ ಹೊಸದಕ್ಕಿಂತ ಕಡಿಮೆ ಆಯಿತು.

ಆದರೆ ಎಷ್ಟು ಕಡಿಮೆ? ವರ್ಷಕ್ಕೆ ಸುಮಾರು 1,100 ರೂಪಾಯಿ. ಇಷ್ಟು ಸಣ್ಣ ಅಂತರ ಬಂದಾಗ ಅಂಕಿಯನ್ನು ಬದಿಗಿಟ್ಟು ಬೇರೆ ವಿಷಯ ನೋಡಿ. ಎಂಜಿನ್ ಕೆಲಸ ಮಾಡುವವನ ಕೈ ಹೇಗಿದೆ, ಒಳ್ಳೇ ಬಿಡಿಭಾಗ ಸಿಗುತ್ತದಾ, ಗೇರ್‌ಬಾಕ್ಸ್ ಮತ್ತು ರೋಟರಿ ಗಟ್ಟಿ ಇದೆಯಾ ಎಂಬುದೇ ತೀರ್ಮಾನ ಮಾಡಬೇಕು. ಎಂಜಿನ್ ಹೊಸದಾಗಿ ಗೇರ್‌ಬಾಕ್ಸ್ ಮುಂದಿನ ವರ್ಷ ಹೋದರೆ ನಿಮ್ಮ 26,000 ಎಂಬ ಅಂದಾಜು ಉಳಿಯುವುದಿಲ್ಲ. ಮತ್ತು ಎಂಜಿನ್ ಮಾಡಿಸಿದ ಮೇಲೆ ಮುಂದಿನ ವರ್ಷವೇ ಮಾರುವ ಯೋಚನೆ ಇದ್ದರೆ ಖಂಡಿತ ಮಾಡಿಸಬೇಡಿ. ಹಾಕಿದ 50,000ದಲ್ಲಿ ಅಷ್ಟೂ ಮಾರಾಟದ ಬೆಲೆಯಲ್ಲಿ ವಾಪಸ್ ಬರುವುದಿಲ್ಲ, ಮೇಲಿನ 91,200 ಹೇಳುತ್ತಿರುವುದೂ ಅದನ್ನೇ.

ಸಬ್ಸಿಡಿ ಇದ್ದಾಗ

ರೈತ ಸಂಪರ್ಕ ಕೇಂದ್ರದ ಮೂಲಕ ಸಬ್ಸಿಡಿಯಲ್ಲಿ ಟಿಲ್ಲರ್ ತಂದವರು ಕೊಂಡ ಬೆಲೆ ಎಂದು ತಾವು ಕೊಟ್ಟ ದುಡ್ಡನ್ನೇ ಬರೆಯುತ್ತಾರೆ. 80,000 ಸಬ್ಸಿಡಿ ಹೋಗಿ 1,60,000 ಎಂದುಕೊಳ್ಳಿ. ಶೀಟಿನಲ್ಲಿ 240000 ಇರುವಲ್ಲಿ 160000 ಹಾಕಿದರೆ ಮೊದಲ ವರ್ಷದ ಕಂತು ಮೈನಸ್ 1,000 ಬರುತ್ತದೆ. ಅಂದರೆ ಪ್ರತಿ ವರ್ಷ ಹೊಸ ಟಿಲ್ಲರ್ ತಂದು ಮಾರುತ್ತಾ ಇದ್ದರೆ ಲಾಭವೇ! ಉತ್ತರ ಹೀಗೆ ವಿಚಿತ್ರ ಬಂದರೆ ಒಳಗೆ ಹಾಕಿದ ಅಂಕಿಯಲ್ಲಿ ಎಡವಟ್ಟಿದೆ ಎಂದೇ ಅರ್ಥ.

ಎಡವಟ್ಟು ಇಲ್ಲಿದೆ. ಸಮ ವಾರ್ಷಿಕ ವೆಚ್ಚದ ಲೆಕ್ಕ, ಮಾರಿದ ಮೇಲೆ ಇದೇ ಬೆಲೆಗೆ ಇಂಥದ್ದೇ ಇನ್ನೊಂದು ಸಿಗುತ್ತದೆ, ಅದಾದ ಮೇಲೆ ಮತ್ತೊಂದು ಎಂದು ನಂಬಿಕೊಂಡಿದೆ. ಸಬ್ಸಿಡಿ ಹಾಗೆ ಪ್ರತಿ ಸಲ ಸಿಗುವುದಿಲ್ಲ. ಮುಂದಿನ ಟಿಲ್ಲರಿಗೆ ಪೂರ್ತಿ ಬೆಲೆ ಕೊಡಬೇಕಾಗಿದ್ದರೆ ಪೂರ್ತಿ ಬೆಲೆಯನ್ನೇ ಹಾಕಿ. ಮೊದಲ ಸಲ ಉಳಿದ 80,000 ಸಂತೋಷವೇ, ಆದರೆ ಬದಲಾಯಿಸುವ ವರ್ಷವನ್ನು ಅದು ನಿರ್ಧರಿಸುವುದಿಲ್ಲ.

ಗದ್ದೆಯೇ ಇಲ್ಲವಾಗುವುದಾದರೆ

ಅದೇ ನಂಬಿಕೆ ಇನ್ನೊಂದು ಕಡೆ ಮುರಿಯುತ್ತದೆ. ಮಲೆನಾಡಿನಲ್ಲಿ ಗದ್ದೆ ತೆಗೆದು ಅಡಿಕೆ ಸಸಿ ಹಾಕುವವರು ಬಹಳ. ಮುಂದಿನ ವರ್ಷ ನೀವೂ ಹಾಗೆ ಮಾಡುವವರಿದ್ದರೆ, ಟಿಲ್ಲರ್ ಇನ್ನೊಂದೇ ಮಳೆಗಾಲಕ್ಕೆ ಬೇಕು. ಆಗ ಐದು ವರ್ಷ ಹಂಚಿದ 66,926ರ ಜೊತೆ ಹೋಲಿಸಿ ಉಪಯೋಗವಿಲ್ಲ, ಯಾಕಂದರೆ ಹೊಸದನ್ನು ನೀವು ಐದು ವರ್ಷ ಇಡುವುದೇ ಇಲ್ಲ. ಹೊಸದು ತಂದು ಒಂದೇ ವರ್ಷಕ್ಕೆ ಮಾರಿದರೆ 87,000. ಹಳೇದನ್ನೇ ಓಡಿಸಿದರೆ 72,200. ಇಲ್ಲಿ ಹಳೇದೇ ಗೆದ್ದಿತು.

ಎರಡು ವರ್ಷ ಬೇಕು ಅಂದರೆ ಹಳೇದಕ್ಕೆ ವರ್ಷಕ್ಕೆ ಸುಮಾರು 76,700, ಹೊಸದಕ್ಕೆ 74,400. ಹೆಚ್ಚು ಕಡಿಮೆ ಸಮ. ಹಳೇ ಟಿಲ್ಲರ್ ನಾಟಿ ಸಮಯದಲ್ಲಿ ಕೈಕೊಡುವ ಭಯ ಇಲ್ಲದಿದ್ದರೆ ನಾನಾದರೆ ಹೊಸದಕ್ಕೆ ದುಡ್ಡು ಕಟ್ಟುವುದಿಲ್ಲ. ಎರಡನೇ ವರ್ಷದ ಹೊತ್ತಿಗೆ ಗದ್ದೆ ಇಡುವ ಮನಸ್ಸು ಬಂದರೆ ಆಗ ತಂದರಾಯಿತು. ಸಸಿ ಹಾಕುವುದು ಇನ್ನೂ ಪಕ್ಕಾ ಆಗಿಲ್ಲ, ಮೂರು ವರ್ಷವಾದರೂ ಆಗಬಹುದು ಎಂಬ ಸ್ಥಿತಿ ಇದ್ದರೆ ಮೂರು ವರ್ಷದ್ದೂ ತೆಗೆದು ನೋಡಿ. ಎಂಜಿನ್ ಕೆಲಸ ಮಾಡಿಸದ ಹಳೇ ಟಿಲ್ಲರಿಗೆ ವರ್ಷಕ್ಕೆ 82,000 ದಾಟುತ್ತದೆ, ಹೊಸದಕ್ಕೆ 69,600 ಸಾಕು.